ಆಗಸ್ಟ್ ತಿಂಗಳ 14 ಪೋಸ್ಟ್‌ಗಳು: ಮಾಟುಂಗಾದ ಒಂದು ಅಂಗಡಿಯಲ್ಲಿ ನನ್ನ ಇಂಟರ್ನ್‌ಶಿಪ್

ನನ್ನ ಇಂಟರ್ನ್‌ಶಿಪ್ ಮುಗಿದಿದೆ. ಮುಂಬೈಯ ಮಾಟುಂಗಾದಲ್ಲಿ ಕಾಫಿಪುಡಿ, ಸಾರಿನ ಪುಡಿ, ಚಕ್ಕುಲಿ ಹಿಟ್ಟು ಮಾರುವ ಒಂದು ಹಳೆಯ ಅಂಗಡಿ. ಯಜಮಾನರು ಕುಂದಾಪುರದ ಕಡೆಯವರು, ಅಪ್ಪನಿಗೆ ಪರಿಚಯ. ನಾನು ಅವರನ್ನು ಮಾಮಾ ಅಂತಲೇ ಕರೆಯುವುದು. ಅಂಗಡಿಯ ವಾಟ್ಸಾಪ್ ನೋಡಿಕೊಳ್ಳುವುದು ಅವರ ಸೊಸೆ, ನನಗೆ ಅಕ್ಕ. ನಾನು ಡೊಂಬಿವಲಿಯವಳು, ಬಿಎಂಎಸ್ ಪದವಿಯ ಕೊನೆಯ ವರ್ಷ. ಆಗಸ್ಟ್ ತಿಂಗಳಿಡೀ ಇನ್‌ಸ್ಟಾಗ್ರಾಮ್ ಮತ್ತು ಫೇಸ್‌ಬುಕ್‌ನಲ್ಲಿ ಏನು ಹಾಕಬೇಕು ಅಂತ ಮೊದಲೇ ಯೋಜನೆ ಮಾಡಿ, ಹಾಕಿ, ಅದರಿಂದ ಏನಾಯಿತು ಅಂತ ಲೆಕ್ಕ ಕೊಡುವುದು ನನ್ನ ಕೆಲಸ. ಕೇಳೋದಕ್ಕೆ ಸುಲಭ. ಆದರೆ ಮೊದಲ ಎರಡು ವಾರ ನಾನು ಒಂದೂ ಪೋಸ್ಟ್ ಹಾಕಲಿಲ್ಲ, ಹಾಕಲು ಆಗಲೂ ಇಲ್ಲ. ನಿಮಗೂ ಯಾವುದಾದರೂ ಸಣ್ಣ ಅಂಗಡಿಯಲ್ಲಿ ಇಂಥದೇ ಕೆಲಸ ಸಿಕ್ಕಿದ್ದರೆ ನನ್ನಷ್ಟು ಸುತ್ತಾಡುವುದು ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಸೇರಿದ್ದು 2025ರ ಜುಲೈ 14, ಸೋಮವಾರ. ವಾರಕ್ಕೆ ಮೂರು ದಿನ, ದಿನಕ್ಕೆ ಐದು ಗಂಟೆ. ಮೊದಲ ದಿನವೇ ಕ್ಯಾಲೆಂಡರ್ ಶುರು ಮಾಡೋಣ ಅಂತ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗಿದ್ದೆ. ಆದರೆ ಅಂಗಡಿಯ ಫೇಸ್‌ಬುಕ್ ಪೇಜ್‌ಗೆ ಅಂಗಡಿಯವರಿಗೇ ಪ್ರವೇಶ ಇರಲಿಲ್ಲ. ಎರಡು ವರ್ಷದ ಹಿಂದೆ ಪರಿಚಯದ ಹುಡುಗನೊಬ್ಬ ಅವನ ಸ್ವಂತ ಅಕೌಂಟ್‌ನಿಂದ ಪೇಜ್ ಮಾಡಿಕೊಟ್ಟು ಹೋಗಿದ್ದ. ಇನ್‌ಸ್ಟಾಗ್ರಾಮ್ ಪಾಸ್‌ವರ್ಡ್ ಅಕ್ಕನ ಹತ್ತಿರ ಇತ್ತು, ಆದರೆ ಓಟಿಪಿ ಬರುತ್ತಿದ್ದದ್ದು ಬಳಕೆಯಲ್ಲಿಲ್ಲದ ಹಳೆಯ ನಂಬರ್‌ಗೆ. ಆ ಹುಡುಗ ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾನೆ. ಫೋನ್ ಮಾಡಿದರೆ ಒಳ್ಳೆಯ ಮಾತೇ ಆಡುತ್ತಿದ್ದ, ಬಿಡುವು ಮಾತ್ರ ಆಗುತ್ತಿರಲಿಲ್ಲ. ಆರು ದಿನ ಕಾದೆವು. ಕೊನೆಗೆ ಒಂದು ರಾತ್ರಿ ವಿಡಿಯೋ ಕಾಲ್‌ನಲ್ಲಿ ಕೂರಿಸಿಕೊಂಡು ಅಕ್ಕನ ಅಕೌಂಟ್‌ಗೆ ಪೇಜ್‌ನ ಪೂರ್ತಿ ಹಕ್ಕು ಕೊಡಿಸಿದೆವು. ಆಮೇಲೆ ಅಕ್ಕ ನನ್ನ ಅಕೌಂಟ್‌ಗೆ ಪೋಸ್ಟ್ ಹಾಕುವ, ಅಂಕಿಅಂಶ ನೋಡುವ ಅನುಮತಿ ಕೊಟ್ಟರು.

ಇಲ್ಲೊಂದು ಮಾತು. ಪಾಸ್‌ವರ್ಡ್ ಕೇಳಬೇಡಿ, ಅನುಮತಿ ಕೇಳಿ. ಪಾಸ್‌ವರ್ಡ್ ಇದ್ದರೂ ಓಟಿಪಿ ಇನ್ನೊಬ್ಬರ ಫೋನಿಗೆ ಬರುತ್ತದೆ, ಅವರು ನಿದ್ದೆಯಲ್ಲಿದ್ದರೆ ನೀವು ಹೊರಗೇ. ನಿಮ್ಮದೇ ಲಾಗಿನ್‌ನಲ್ಲಿ ಅನುಮತಿ ಇದ್ದರೆ ಮನೆಯಿಂದಲೂ ಕೆಲಸ ಆಗುತ್ತದೆ, ನೀವು ಬಿಟ್ಟು ಹೋಗುವಾಗ ಅವರು ಒಂದು ಕ್ಲಿಕ್‌ನಲ್ಲಿ ತೆಗೆದೂ ಹಾಕಬಹುದು. ಆಗಸ್ಟ್ 19ರ ಮಳೆಯ ದಿನ ಅಂಗಡಿಯ ಮಾನ ಉಳಿದದ್ದು ಈ ಅನುಮತಿಯಿಂದ. ಅದನ್ನು ಮುಂದೆ ಹೇಳುತ್ತೇನೆ.

ಕಾಯುತ್ತಿದ್ದ ಆ ಆರು ದಿನಗಳಲ್ಲಿ ನಾನು ಮೊದಲ ಕ್ಯಾಲೆಂಡರ್ ಮಾಡಿದೆ. ಗೂಗಲ್ ಶೀಟ್‌ನಲ್ಲಿ 31 ಸಾಲು, ದಿನಕ್ಕೊಂದು ಪೋಸ್ಟ್. ರಜೆ ಮತ್ತು ಹಬ್ಬಗಳ ಪಟ್ಟಿಯನ್ನು ಫೋನಿನ ಕ್ಯಾಲೆಂಡರ್‌ನಿಂದ ಎತ್ತಿ ಹಾಕಿದೆ. 9ಕ್ಕೆ ರಕ್ಷಾಬಂಧನ, 15ಕ್ಕೆ ಸ್ವಾತಂತ್ರ್ಯ ದಿನ, 16ಕ್ಕೆ ಜನ್ಮಾಷ್ಟಮಿ, 27ಕ್ಕೆ ಗಣೇಶ ಚತುರ್ಥಿ. ನಡುವೆ ಖಾಲಿ ಇದ್ದ ದಿನಗಳಿಗೆ ಕಾಫಿಯ ಬಗ್ಗೆ ಏನಾದರೂ. ಬಣ್ಣ ಹಚ್ಚಿದ ಮೇಲೆ ಬಹಳ ಚೆನ್ನಾಗಿ ಕಾಣುತ್ತಿತ್ತು. ಹೆಮ್ಮೆಯಿಂದ ಅಕ್ಕನಿಗೆ ತೋರಿಸಿದೆ.

ಅಕ್ಕ ನೋಡಿ ಎರಡು ಮಾತು ಹೇಳಿದರು. ಆ ಎರಡು ಮಾತಿನಿಂದ ಇಡೀ ಶೀಟ್ ಬದಲಾಯಿತು.

ಮೊದಲನೆಯದು, "16ಕ್ಕೆ ಅಷ್ಟಮಿ ಅಂತ ಹಾಕಿದ್ದೀಯಲ್ಲ, ನಮ್ಮದು ಸೆಪ್ಟೆಂಬರ್ 14ಕ್ಕೆ." ನನಗೆ ಗೊತ್ತೇ ಇರಲಿಲ್ಲ, ನಮ್ಮ ಮನೆಯವರು ವಿಜಯಪುರದ ಕಡೆಯವರು. ಉಡುಪಿಯಲ್ಲಿ ಕೃಷ್ಣಾಷ್ಟಮಿಯನ್ನು ಸೌರಮಾನದ ಪ್ರಕಾರ, ಸಿಂಹ ಮಾಸದಲ್ಲಿ ಆಚರಿಸುತ್ತಾರೆ. ಮುಂಬೈಯಲ್ಲಿ ದಹಿ ಹಂಡಿ ಒಡೆಯುವ ದಿನ ಬೇರೆ, ಈ ಅಂಗಡಿಯ ಹಳೆಯ ಗಿರಾಕಿಗಳು ಉಂಡೆ ಚಕ್ಕುಲಿ ಮಾಡುವ ದಿನ ಬೇರೆ. 2025ರಲ್ಲಿ ನಡುವೆ ಸುಮಾರು ಒಂದು ತಿಂಗಳ ಅಂತರ ಇತ್ತು. ಕರಾವಳಿಯವರ ಅಂಗಡಿಯಿಂದಲೇ 16ಕ್ಕೆ "ಅಷ್ಟಮಿಯ ಶುಭಾಶಯ, ಚಕ್ಕುಲಿ ಹಿಟ್ಟು ತಗೊಳ್ಳಿ" ಅಂತ ಹೋಗಿದ್ದರೆ ಅವರಿಗೆ ಎಷ್ಟು ಬೇಜಾರಾಗುತ್ತಿತ್ತು ಅಲ್ವಾ. ಫೋನಿನ ಕ್ಯಾಲೆಂಡರ್‌ಗೆ ನಿಮ್ಮ ಗಿರಾಕಿಗಳು ಯಾರು ಅಂತ ಗೊತ್ತಿಲ್ಲ. ಹಬ್ಬದ ತಾರೀಖುಗಳನ್ನು ಅಂಗಡಿಯವರ ಹತ್ತಿರ ಕೂತು ಒಂದೊಂದಾಗಿ ಓದಿಸಿಕೊಳ್ಳಿ, ಅವರ ಗೋಡೆಯ ಮೇಲಿನ ಪಂಚಾಂಗದ ಮುಂದೆ ನಿಂತೇ.

ಎರಡನೆಯದು, "27ಕ್ಕೆ ಚೌತಿ ಪೋಸ್ಟ್ ಹಾಕಿ ಏನು ಮಾಡುವುದು? ಆವತ್ತು ಯಾರು ಹಿಟ್ಟು ತಗೊಳ್ಳುತ್ತಾರೆ?"

ನಾನು ಸುಮ್ಮನೆ ಕೂತೆ. ಹಬ್ಬದ ದಿನ ಬೆಳಗ್ಗೆ ಎಲ್ಲರೂ ಅಡುಗೆಮನೆಯಲ್ಲಿರುತ್ತಾರೆ. ಹಿಟ್ಟು ಬೇಕಾಗುವುದು ಅದಕ್ಕಿಂತ ಎಷ್ಟೋ ಮೊದಲು. ಹಾಗಾದರೆ ಯಾವಾಗ? ಅಕ್ಕನ ಜೊತೆ ಕೂತು ಹಿಂದಕ್ಕೆ ಎಣಿಸಿದೆವು. 26 ಮಂಗಳವಾರ ಗೌರಿ, 27 ಬುಧವಾರ ಚೌತಿ. ಚಕ್ಕುಲಿ ಕರಿಯುವವರು ಹಬ್ಬಕ್ಕೆ ಎರಡು ಮೂರು ದಿನ ಮೊದಲು ಕರಿಯುತ್ತಾರೆ, ಅಂದರೆ 23 ಅಥವಾ 24, ಶನಿವಾರ ಭಾನುವಾರ. ಮುಂಬೈಯವರು ಅಂಗಡಿಗೆ ಬಂದೇ ತೆಗೆದುಕೊಳ್ಳುತ್ತಾರೆ, ಅವರಿಗೆ 23 ಸಾಕು. ಪುಣೆಗೆ ಹೋಗುವ ಪಾರ್ಸೆಲ್ ಎರಡು ದಿನ ತೆಗೆದುಕೊಳ್ಳುತ್ತದೆ, ಆದ್ದರಿಂದ ಅವರ ಆರ್ಡರ್ 20ರೊಳಗೆ ಬರಬೇಕು. ಹಿಟ್ಟು ಬೀಸಿಸುವುದು ವಾರಕ್ಕೊಮ್ಮೆ, ಗುರುವಾರ. 21ರ ಬೀಸುವಿಕೆ ಮುಂಬೈಯವರಿಗೆ ಸರಿ, ಪುಣೆಯವರಿಗೆ 14ರದ್ದೇ ಆಗಬೇಕು. ಎಷ್ಟು ಕಿಲೋ ಬೀಸಿಸಬೇಕು ಅಂತ 14ರ ಹೊತ್ತಿಗೆ ಅಂದಾಜು ಬೇಕೆಂದರೆ, "ಹಿಟ್ಟು ಬರುತ್ತಿದೆ, ಹೇಳಿಡಿ" ಅನ್ನುವ ಪೋಸ್ಟ್ 12ಕ್ಕೇ ಹೋಗಬೇಕು.

ಹೀಗೆ ಚೌತಿಯ ಪೋಸ್ಟ್ 27ರಿಂದ 12ಕ್ಕೆ ಬಂತು, ಹದಿನೈದು ದಿನ ಹಿಂದಕ್ಕೆ. ಶೀಟ್‌ನಲ್ಲಿ ಹೊಸದಾಗಿ ಒಂದು ಕಾಲಂ ಸೇರಿಸಿದೆ, "ಯಾವ ದಿನದ ಒಳಗೆ ಕೊಳ್ಳಬೇಕು" ಅಂತ. ಈ ಕಾಲಂ ತುಂಬಲಾಗದ ಪೋಸ್ಟ್ ಬರೀ ಶುಭಾಶಯ ಅಂತ ಗೊತ್ತಾಗುತ್ತದೆ. ಶುಭಾಶಯವೂ ಇರಲಿ, ಆದರೆ ಅದಕ್ಕೆ ನಾಲ್ಕು ಗಂಟೆ ಕೂತು ರೀಲ್ ಮಾಡುವುದು ಬೇಡ.

ಆಮೇಲೆ ಗಂಟೆಗಳ ಲೆಕ್ಕ. ಇದನ್ನು ಯಾರೂ ಹೇಳಿಕೊಡಲಿಲ್ಲ, ನಾನೇ ಪೆಟ್ಟು ತಿಂದು ಮಾಡಿದ್ದು. ಜುಲೈನಲ್ಲಿ ಅಭ್ಯಾಸಕ್ಕೆ ಒಂದು ರೀಲ್, ಒಂದು ಫೋಟೋ ಪೋಸ್ಟ್, ನಾಲ್ಕೈದು ಫೋಟೋ ಜೋಡಿಸಿದ ಒಂದು ಕ್ಯಾರೊಸೆಲ್ ಮಾಡಿ ನೋಡಿದೆ. ಚಿತ್ರ ತೆಗೆದು, ಕತ್ತರಿಸಿ, ಬರೆದು, ತಿದ್ದಿ, ಹಾಕುವವರೆಗೆ ರೀಲ್‌ಗೆ ಐದು ಗಂಟೆ ಹೋಯಿತು. ಕ್ಯಾರೊಸೆಲ್‌ಗೆ ಎರಡೂವರೆ, ಫೋಟೋಗೆ ಒಂದೂವರೆ. ಮೊದಲ ಕ್ಯಾಲೆಂಡರ್‌ನಲ್ಲಿ 12 ರೀಲ್ ಮತ್ತು 19 ಫೋಟೋ ಇದ್ದವು. ಕೂಡಿಸಿದರೆ ಎಂಬತ್ತೆಂಟೂವರೆ ಗಂಟೆ. ಆಗಸ್ಟ್‌ನಲ್ಲಿ ನಾನು ಹೋಗುವ ಸೋಮ, ಬುಧ, ಶುಕ್ರವಾರಗಳು 13, ಅದರಲ್ಲಿ 15 ಮತ್ತು 27 ರಜೆ. ಉಳಿದ 11 ದಿನ, ಅಂದರೆ 55 ಗಂಟೆ. ಅದರಲ್ಲೇ ಮೆಸೇಜ್‌ಗಳಿಗೆ ಉತ್ತರ, ಲೆಕ್ಕ, ಒಪ್ಪಿಗೆ ಎಲ್ಲವೂ ಆಗಬೇಕು. ಆಗುವ ಮಾತೇ ಅಲ್ಲ.

ಹಾಗಾಗಿ ಪೋಸ್ಟ್‌ಗಳನ್ನು 14ಕ್ಕೆ ಇಳಿಸಿದೆ. ಮಂಗಳವಾರ, ಗುರುವಾರ, ಶನಿವಾರ ಒಂದೊಂದು, ಒಟ್ಟು 13, ಜೊತೆಗೆ 27ರ ಶುಭಾಶಯ. 4 ರೀಲ್, 4 ಕ್ಯಾರೊಸೆಲ್, 6 ಫೋಟೋ. 39 ಗಂಟೆ. ಉಳಿದ 16 ಗಂಟೆ ಬೇರೆ ಕೆಲಸಕ್ಕೆ. ನೀವು ಕ್ಯಾಲೆಂಡರ್ ಮಾಡುವ ಮುಂಚೆ ಒಂದೊಂದು ಬಗೆಯದನ್ನು ನಿಜವಾಗಿ ಮಾಡಿ, ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ನಿಮ್ಮ ಗಂಟೆಗಳು ನನ್ನದಕ್ಕಿಂತ ಕಡಿಮೆ ಇರಬಹುದು, ಜಾಸ್ತಿಯೂ ಇರಬಹುದು, ಆದರೆ ಅಂದಾಜಿನ ಮೇಲೆ ಮಾಡಿದ ಕ್ಯಾಲೆಂಡರ್ ಎರಡನೇ ವಾರದಲ್ಲೇ ನಿಲ್ಲುತ್ತದೆ.

ಶೀಟ್‌ನ ಕಾಲಂಗಳು ಕೊನೆಗೆ ಎಂಟಾದವು: ತಾರೀಖು ಮತ್ತು ಹೊತ್ತು, ಕೋಡ್, ಬಗೆ, ವಿಷಯ, ಕ್ಯಾಪ್ಷನ್, ಯಾವ ದಿನದ ಒಳಗೆ ಕೊಳ್ಳಬೇಕು, ಚಿತ್ರ ಎಲ್ಲಿದೆ, ಸ್ಥಿತಿ. ಕೋಡ್ ಅಂದರೆ ತಾರೀಖೇ, 12ನೆಯ ತಾರೀಖಿನದು A12. ಸ್ಥಿತಿಯಲ್ಲಿ ನಾಲ್ಕೇ ಮಾತು: ಬರೆದಿದೆ, ತೋರಿಸಿದೆ, ಒಪ್ಪಿದ್ದಾರೆ, ಶೆಡ್ಯೂಲ್ ಆಗಿದೆ. ಇದಕ್ಕಿಂತ ಹೆಚ್ಚು ಮಾಡಿದ್ದರೆ ನಾನು ತುಂಬುತ್ತಲೇ ಇರಲಿಲ್ಲ.

ಇನ್ನು ಒಪ್ಪಿಗೆ. ನಿಜ ಹೇಳಬೇಕೆಂದರೆ ಇಡೀ ಕೆಲಸದಲ್ಲಿ ನನಗೆ ಅಳು ಬಂದದ್ದು ಇಲ್ಲೇ. ಜುಲೈ 24ರ ರಾತ್ರಿ 14 ಕ್ಯಾಪ್ಷನ್‌ಗಳನ್ನೂ ಒಟ್ಟಿಗೆ ಮಾಮಾಗೆ ವಾಟ್ಸಾಪ್ ಮಾಡಿದೆ. ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ. ಶುಕ್ರವಾರ ಅಂಗಡಿಯಲ್ಲಿ ಕೇಳಿದರೆ "ನೋಡ್ತೇನೆ" ಅಂದರು. ಶನಿವಾರ, ಭಾನುವಾರ ಇಲ್ಲ. ಇಷ್ಟ ಆಗಲಿಲ್ಲವೇನೋ, ನನ್ನ ಬರವಣಿಗೆಯೇ ಸರಿ ಇಲ್ಲವೇನೋ ಅಂತ ಎರಡು ದಿನ ಒದ್ದಾಡಿದೆ. ಸೋಮವಾರ ಗೊತ್ತಾಯಿತು, ಅವರಿಗೆ ಫೋನಿನಲ್ಲಿ ಅಷ್ಟು ಸಣ್ಣ ಅಕ್ಷರದ ಉದ್ದ ಮೆಸೇಜ್ ಓದುವುದೇ ಕಷ್ಟ. ಆವತ್ತೇ ಹೊರಗೆ ಹೋಗಿ ಶೀಟನ್ನು ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿಸಿದೆ. ಅಂಗಡಿಯಲ್ಲಿ ಮಧ್ಯಾಹ್ನ ಎರಡೂವರೆಯಿಂದ ನಾಲ್ಕರವರೆಗೆ ಗಿರಾಕಿ ಕಡಿಮೆ. ಹಾಳೆಯನ್ನು ಕೌಂಟರ್ ಮೇಲೆ ಹರಡಿ, ಪೆನ್ನು ಕೈಗೆ ಕೊಟ್ಟೆ. ನಲವತ್ತು ನಿಮಿಷದಲ್ಲಿ ಎಲ್ಲಾ ಮುಗಿಯಿತು.

ಆ ನಲವತ್ತು ನಿಮಿಷದಲ್ಲಿ ಅವರು ಮೂರು ಕಡೆ ಗೀಟು ಹಾಕಿದರು. ಮೂರೂ ನನಗೆ ಹೊಳೆಯದೇ ಇದ್ದ ವಿಷಯಗಳು.

ಕಷಾಯ ಪುಡಿಯ ಪೋಸ್ಟ್‌ಗೆ ನಾನು "ಮಳೆಗಾಲದ ಶೀತ, ಕೆಮ್ಮು ವಾಸಿಯಾಗುತ್ತದೆ" ಅಂತ ಬರೆದಿದ್ದೆ. "ಇದು ಬೇಡ ಮಾರಾಯ್ತಿ, ನಾವು ಮಾರುವುದು ಆಹಾರ, ಮದ್ದಲ್ಲ" ಅಂದರು. ಆಹಾರ ಪದಾರ್ಥದ ಜಾಹೀರಾತಿನಲ್ಲಿ ರೋಗ ವಾಸಿ ಮಾಡುತ್ತದೆ ಅಂತ ಹೇಳುವಂತಿಲ್ಲ, ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳಲ್ಲೇ ಇದೆ. ಇನ್‌ಸ್ಟಾಗ್ರಾಮ್ ಕ್ಯಾಪ್ಷನ್ ಕೂಡ ಜಾಹೀರಾತೇ. "ಮಳೆ ಬರುವಾಗ ಬಿಸಿ ಕಷಾಯ, ಹಾಲು ಬೆಲ್ಲದ ಜೊತೆ" ಅಂತ ಬದಲಾಯಿಸಿದೆ. ತಿಂಡಿ, ಪುಡಿ, ಎಣ್ಣೆ ಯಾವುದನ್ನೇ ಮಾರುವವರ ಹತ್ತಿರ ಇದ್ದರೂ ಈ ಮಾತು ನೆನಪಿರಲಿ.

ಎರಡನೆಯದು ಬೆಲೆ. ಕಾಫಿಪುಡಿಯ ಬೆಲೆಯನ್ನು ನಾನು ಚಿತ್ರದ ಮೇಲೆ ದೊಡ್ಡದಾಗಿ ಬರೆದಿದ್ದೆ. ಬೀಜದ ಬೆಲೆ ಯಾವಾಗ ಏರುತ್ತದೋ ಹೇಳಲಾಗುವುದಿಲ್ಲ ಅಂದರು. ಇನ್‌ಸ್ಟಾಗ್ರಾಮ್‌ನಲ್ಲಿ ಪೋಸ್ಟ್ ಆದ ಮೇಲೆ ಕ್ಯಾಪ್ಷನ್ ತಿದ್ದಬಹುದು, ಫೋಟೋ ಬದಲಾಯಿಸಲು ಬರುವುದಿಲ್ಲ. ಬೆಲೆ, ಕೊನೆಯ ದಿನ, ಫೋನ್ ನಂಬರ್ ಇವೆಲ್ಲ ಬದಲಾಗಬಹುದಾದವು, ಕ್ಯಾಪ್ಷನ್‌ನಲ್ಲೇ ಇರಲಿ. ಆಗಸ್ಟ್ ಮಧ್ಯದಲ್ಲಿ ನಿಜವಾಗಿಯೂ ಬೆಲೆ ಏರಿತು. ಐದು ನಿಮಿಷದಲ್ಲಿ ಎಲ್ಲಾ ಕ್ಯಾಪ್ಷನ್ ತಿದ್ದಿದೆ.

ಮೂರನೆಯದು ಒಂದೇ ಒಂದು ಪದ. A12ರಲ್ಲಿ ನಾನು "ಚಕ್ಕುಲಿ ಹಿಟ್ಟು" ಅಂತ ಮಾತ್ರ ಬರೆದಿದ್ದೆ. ಮಾಮಾ ಪಕ್ಕದಲ್ಲಿ "ಭಾಜಣಿ" ಅಂತ ಸೇರಿಸಿದರು. ಅಕ್ಕಿ, ಬೇಳೆ, ಕೊತ್ತಂಬರಿ, ಜೀರಿಗೆ ಹುರಿದು ಬೀಸಿದ ಹಿಟ್ಟಿಗೆ ಇಲ್ಲಿನ ಮರಾಠಿ ಮನೆಗಳಲ್ಲಿ ಅದೇ ಹೆಸರು. ಅಂಗಡಿಗೆ ಬರುವ ಅರ್ಧ ಜನ ಕೇಳುವುದೇ "ಭಾಜಣೀ ಆಹೇ ಕಾ?" ಅಂತ. ಈ ಒಂದು ಪದದಿಂದ ಏನಾಯಿತು ಅಂತ ಕೊನೆಯ ಲೆಕ್ಕದಲ್ಲಿ ಗೊತ್ತಾಯಿತು.

ಈಗ ಟ್ರ್ಯಾಕಿಂಗ್. ಕಾಲೇಜಿನಲ್ಲಿ ನಮಗೆ ಯುಟಿಎಂ ಲಿಂಕ್ ಹೇಳಿಕೊಟ್ಟಿದ್ದರು. ವೆಬ್‌ಸೈಟ್ ವಿಳಾಸದ ಬಾಲಕ್ಕೆ ಗುರುತು ಅಂಟಿಸಿ, ಜನ ಎಲ್ಲಿಂದ ಬಂದರು ಅಂತ ನೋಡುವ ವಿಧಾನ. ಆದರೆ ನಮ್ಮ ಅಂಗಡಿಗೆ ವೆಬ್‌ಸೈಟೇ ಇಲ್ಲ. ಆರ್ಡರ್ ಎಲ್ಲಾ ವಾಟ್ಸಾಪ್‌ನಲ್ಲಿ. ಅಲ್ಲಿ ಯುಟಿಎಂ ಕೆಲಸಕ್ಕೆ ಬರುವುದಿಲ್ಲ. ಅದರ ಬದಲು ವಾಟ್ಸಾಪ್ ಲಿಂಕ್‌ನಲ್ಲೇ ಮೊದಲೇ ಬರೆದಿಟ್ಟ ಮೆಸೇಜ್ ಕಳಿಸಬಹುದು. ಹೀಗಿರುತ್ತದೆ:

```
https://wa.me/91XXXXXXXXXX?text=CHAKLI%20A12
```

ಗಿರಾಕಿ ಇದನ್ನು ಒತ್ತಿದರೆ ಅಂಗಡಿಯ ಚಾಟ್ ತೆರೆಯುತ್ತದೆ, ಬರೆಯುವ ಜಾಗದಲ್ಲಿ CHAKLI A12 ಅಂತ ಆಗಲೇ ಇರುತ್ತದೆ. ಅವರು ಕಳಿಸಿದ ಕೂಡಲೇ ಯಾವ ಪೋಸ್ಟ್ ನೋಡಿ ಬಂದರು ಅಂತ ಅಕ್ಕನಿಗೆ ಗೊತ್ತಾಗುತ್ತದೆ. ನಂಬರ್‌ನ ಮುಂದೆ 91 ಇರಬೇಕು, ಪ್ಲಸ್ ಗುರುತು ಬೇಡ, ಖಾಲಿ ಜಾಗಕ್ಕೆ %20. ಕನ್ನಡದಲ್ಲಿ ಬರೆದರೂ ನಡೆಯುತ್ತದೆ, ಆದರೆ ಲಿಂಕ್‌ನಲ್ಲಿ ಅದು ಮಾರುದ್ದ ಆಗಿಬಿಡುತ್ತದೆ, ಹಾಗಾಗಿ ಇಂಗ್ಲಿಷ್ ಅಕ್ಷರವೇ ಇಟ್ಟೆ.

ತೊಡಕು ಏನೆಂದರೆ ಇನ್‌ಸ್ಟಾಗ್ರಾಮ್ ಕ್ಯಾಪ್ಷನ್‌ನಲ್ಲಿ ಹಾಕಿದ ಲಿಂಕ್ ಒತ್ತಲು ಬರುವುದಿಲ್ಲ. ಆದ್ದರಿಂದ ಪ್ರತಿ ಪೋಸ್ಟ್ ಹಾಕಿದ ಮೇಲೆ ಅದನ್ನೇ ಸ್ಟೋರಿಗೂ ಹಾಕಿ, ಲಿಂಕ್ ಸ್ಟಿಕರ್ ಅಂಟಿಸಿದೆ. ಸ್ಟೋರಿ 24 ಗಂಟೆಗೆ ಹೋಗುತ್ತದೆ, ಹಬ್ಬದವುಗಳನ್ನು ಹೈಲೈಟ್‌ನಲ್ಲಿ ಉಳಿಸಿದೆ, ಅಲ್ಲಿ ಲಿಂಕ್ ಆಮೇಲೂ ಕೆಲಸ ಮಾಡುತ್ತದೆ. ಪ್ರೊಫೈಲ್‌ನ ಬಯೋದಲ್ಲಿ BIO ಅಂತ ಬೇರೆ ಲಿಂಕ್. ಅಕ್ಕ ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದಕ್ಕೆ W12, W14 ಹೀಗೆ ಬೇರೆ.

ಆರ್ಡರ್ ಬರೆಯುವ ಎರಡನೇ ಶೀಟ್, Orders ಅಂತ ಹೆಸರು, ಅದಕ್ಕೆ ಐದೇ ಕಾಲಂ: ತಾರೀಖು, ಗಿರಾಕಿಯ ಫೋನಿನ ಕೊನೆಯ ನಾಲ್ಕು ಅಂಕೆ, ಹಳಬರೋ ಹೊಸಬರೋ ಅಂತ old ಅಥವಾ new, ಕೋಡ್, ಮೊತ್ತ. ಪೂರ್ತಿ ನಂಬರ್ ಬರೆಯಬೇಡಿ, ಶೀಟ್ ಯಾರ ಯಾರ ಕೈಗೋ ಹೋಗುತ್ತದೆ, ನಾಲ್ಕು ಅಂಕೆ ಸಾಕು. ಲೆಕ್ಕಕ್ಕೆ ಈ ಮೂರು ಸೂತ್ರ:

```
=COUNTIF(Orders!D:D,"A12")
=SUMIF(Orders!D:D,"A12",Orders!E:E)
=COUNTIFS(Orders!D:D,"A12",Orders!C:C,"new")
```

ಎಷ್ಟು ಆರ್ಡರ್, ಎಷ್ಟು ರೂಪಾಯಿ, ಅದರಲ್ಲಿ ಹೊಸಬರೆಷ್ಟು. ಕೋಡ್ ಬರೆಯುವಾಗ ಕೆಲವು ಸಲ "A 12" ಅಂತ ನಡುವೆ ಜಾಗ ಬಿದ್ದು ಲೆಕ್ಕ ತಪ್ಪುತ್ತಿತ್ತು. ಮೊದಲ ವಾರ ಮೂರು ಆರ್ಡರ್ ಹೀಗೇ ಕಾಣೆಯಾಗಿದ್ದವು. ಕೋಡ್ ಕಾಲಂಗೆ ಡ್ರಾಪ್‌ಡೌನ್ ಹಾಕಿದ ಮೇಲೆ ಸರಿಹೋಯಿತು.

ಇನ್ನೊಂದು ಸಣ್ಣ ಶಿಸ್ತು. ಪ್ರತಿ ಪೋಸ್ಟ್‌ನ ವೀಕ್ಷಣೆ, ಸೇವ್, ಶೇರ್ ಎಷ್ಟು ಅಂತ ಅದು ಹೋದ ಏಳನೆಯ ದಿನ ಬರೆದಿಟ್ಟೆ. ತಿಂಗಳ ಕೊನೆಗೆ ಒಟ್ಟಿಗೆ ನೋಡಿದರೆ 2ರ ಪೋಸ್ಟ್‌ಗೆ ನಾಲ್ಕು ವಾರ ಸಿಕ್ಕಿರುತ್ತದೆ, 28ರದ್ದಕ್ಕೆ ಮೂರು ದಿನ. ಹೋಲಿಸಲು ಆಗುವುದಿಲ್ಲ.

ಆಗಸ್ಟ್ ಶುರುವಾಯಿತು. ಮೊದಲ ಎರಡು ವಾರ ಶಾಂತ. ಕಾಫಿ ಡಿಕಾಕ್ಷನ್ ಇಳಿಯುವ ಒಂದು ರೀಲ್ ಮಾಡಿದ್ದೆ, A09. ಅದನ್ನು ನನ್ನ ಸ್ವಂತ ಅಕೌಂಟ್‌ನಲ್ಲಿ ಒಂದು ಸಿನಿಮಾ ಹಾಡಿಗೆ ಹೊಂದಿಸಿ ಕತ್ತರಿಸಿದ್ದೆ. ಅಂಗಡಿಯದು ಬಿಸಿನೆಸ್ ಅಕೌಂಟ್, ಅಲ್ಲಿ ಆ ಹಾಡು ಸಿಗಲೇ ಇಲ್ಲ. ವ್ಯಾಪಾರದ ಬಳಕೆಗೆ ಅನುಮತಿ ಇರುವ ಸಂಗೀತ ಮಾತ್ರ ಅಲ್ಲಿ ಸಿಗುತ್ತದೆ. ಎರಡು ಗಂಟೆ ಕೂತು ಮತ್ತೆ ಕತ್ತರಿಸಿದೆ, ಕೊನೆಗೆ ಹಾಡೇ ಬೇಡ ಅಂತ ಫಿಲ್ಟರ್‌ನ ತಟಪಟ ಸದ್ದು, ಹಾಲು ಉಕ್ಕುವ ಸದ್ದು ಉಳಿಸಿಕೊಂಡೆ. ಅದೇ ಚೆನ್ನಾಗಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ರೀಲ್ ಮಾಡುವುದಿದ್ದರೆ ಮೊದಲು ಅಂಗಡಿಯ ಅಕೌಂಟ್‌ನಲ್ಲೇ ಸಂಗೀತ ಆರಿಸಿ, ಆಮೇಲೆ ಕತ್ತರಿಸಿ.

ಆಮೇಲೆ ಬಂತು ಮಳೆ. ಆಗಸ್ಟ್ 18 ಸೋಮವಾರ ಬೆಳಗ್ಗೆಯಿಂದಲೇ ಮುಂಬೈ ನೀರಿನಲ್ಲಿ. ಡೊಂಬಿವಲಿಯಿಂದ ಹೊರಡಬೇಡ ಅಂತ ಅಕ್ಕನೇ ಫೋನ್ ಮಾಡಿದರು. 19ಕ್ಕೆ ಇನ್ನೂ ಜೋರು, ಶಾಲೆಗಳಿಗೆ ರಜೆ, ಸೆಂಟ್ರಲ್ ಲೈನ್‌ನಲ್ಲಿ ಲೋಕಲ್ ನಿಂತೇ ಹೋಯಿತು. ಅಮ್ಮ ಟಿವಿ ಮುಂದೆ, ನಾನು ಅಪ್ಪ ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೋ ಅಂತ ಫೋನ್ ಹಿಡಿದು ಕೂತಿದ್ದೆ. ಬೆಳಗ್ಗೆ ಹತ್ತೂವರೆಗೆ ನೆನಪಾಯಿತು. ಹನ್ನೊಂದಕ್ಕೆ A19 ತಾನಾಗಿ ಹೋಗುತ್ತದೆ. ಅದರಲ್ಲಿ ಬರೆದದ್ದು, "ಇವತ್ತು ಸಂಜೆ ಅಂಗಡಿಗೆ ಬನ್ನಿ, ಬಿಸಿ ಬಿಸಿ ಕಾಫಿ ರುಚಿ ನೋಡಿ!"

ಜನ ಸೊಂಟದವರೆಗೆ ನೀರಿನಲ್ಲಿ ನಡೆಯುತ್ತಿರುವಾಗ ಅಂಗಡಿಯಿಂದ ಇಂಥ ಮಾತು ಹೋದರೆ ಹೇಗಿರುತ್ತದೆ ಯೋಚಿಸಿ. ಕೈ ನಡುಗುತ್ತಿತ್ತು. ಪೋಸ್ಟ್‌ಗಳನ್ನು ಶೆಡ್ಯೂಲ್ ಮಾಡಿಟ್ಟಿದ್ದ ಮೆಟಾ ಬಿಸಿನೆಸ್ ಸೂಟ್ ತೆರೆದು ಪ್ಲಾನರ್‌ಗೆ ಹೋಗಿ ಅದನ್ನು ಬೇರೆ ದಿನಕ್ಕೆ ತಳ್ಳಿದೆ. ನನ್ನದೇ ಲಾಗಿನ್ ಇದ್ದುದರಿಂದ ಆಯಿತು. ಅಕ್ಕನ ಫೋನಿಗೆ ಬರುವ ಓಟಿಪಿ ಕಾಯಬೇಕಿದ್ದರೆ ಆಗುತ್ತಿರಲಿಲ್ಲ, ಆ ಹೊತ್ತಿಗೆ ಅವರ ಫೋನ್ ಸಿಗುತ್ತಲೇ ಇರಲಿಲ್ಲ. ಮುಂದಿನ ಪೋಸ್ಟ್‌ಗಳನ್ನೂ ಒಂದೊಂದಾಗಿ ತೆರೆದು ಓದಿದೆ. ಮಧ್ಯಾಹ್ನ ಅಕ್ಕ ಸಿಕ್ಕಿದ ಮೇಲೆ ಅವರೇ ಹೇಳಿದಂತೆ ಬರೀ ಒಂದು ಸ್ಟೋರಿ ಹಾಕಿದೆ: ಇವತ್ತು ಅಂಗಡಿ ಮುಚ್ಚಿದೆ, ಪುಣೆಯ ಪಾರ್ಸೆಲ್‌ಗಳು ತಡವಾಗುತ್ತವೆ, ಹೇಳಿಟ್ಟವರಿಗೆಲ್ಲ ಹಿಟ್ಟು ಸಿಗುತ್ತದೆ, ಯಾರೂ ಹೊರಗೆ ಬರಬೇಡಿ. ಅದಕ್ಕೆ ಬಂದಷ್ಟು ಉತ್ತರ ಆ ತಿಂಗಳು ಬೇರೆ ಯಾವ ಸ್ಟೋರಿಗೂ ಬರಲಿಲ್ಲ. "ನೀವು ಜೋಪಾನ" ಅಂತ ಹಳೆಯ ಗಿರಾಕಿಗಳೇ ಬರೆದಿದ್ದರು.

ಇದಾದ ಮೇಲೆ ಶೀಟ್‌ಗೆ ಒಂಬತ್ತನೆಯ ಕಾಲಂ ಬಂತು, "ಮಳೆ ಬಂದರೆ?" ಅಂತ. ಉತ್ತರ ಹೌದು ಅಥವಾ ಇಲ್ಲ. "ಅಂಗಡಿಗೆ ಬನ್ನಿ" ಅನ್ನುವ ಮಾತು ಇರುವವಕ್ಕೆಲ್ಲ ಇಲ್ಲ. ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಯೂಲ್ ಮಾಡಿಟ್ಟವರು ಬೆಳಗ್ಗೆ ಎದ್ದ ಕೂಡಲೇ ಆವತ್ತಿನ ಪೋಸ್ಟ್ ಏನು ಅಂತ ಒಮ್ಮೆ ಓದಲೇಬೇಕು. A19 ಕೊನೆಗೆ ಆಗಸ್ಟ್‌ನಲ್ಲಿ ಹೋಗಲೇ ಇಲ್ಲ, ಹಬ್ಬದ ಗಡಿಬಿಡಿಯಲ್ಲಿ ಜಾಗ ಸಿಗಲಿಲ್ಲ, ಸೆಪ್ಟೆಂಬರ್‌ಗೆ ಹೋಯಿತು. ಹಾಗಾಗಿ 14ರಲ್ಲಿ 13 ಹೋದವು.

ತಿಂಗಳ ಕೊನೆಯ ಲೆಕ್ಕ. ವಾಟ್ಸಾಪ್‌ನಲ್ಲಿ ಒಟ್ಟು 96 ಆರ್ಡರ್. ಕೋಡ್ ಸಮೇತ ಬಂದದ್ದು 58. ಉಳಿದ 38 ಜನ ಮೊದಲೇ ಇದ್ದ ಮೆಸೇಜ್ ಅಳಿಸಿ ತಮ್ಮ ಮಾತು ಬರೆದಿದ್ದರು, ಇಲ್ಲವೇ ನೇರವಾಗಿ ಬಂದಿದ್ದರು. ಅಕ್ಕ ಅವರನ್ನೆಲ್ಲ "ಎಲ್ಲಿ ನೋಡಿದ್ರಿ?" ಅಂತ ಒಂದು ಮಾತು ಕೇಳಿದರು, 21 ಜನ ಹೇಳಿದರು. 17 ಆರ್ಡರ್ ಎಲ್ಲಿಂದ ಅಂತ ಗೊತ್ತಿಲ್ಲ. ಅದನ್ನು ಗೊತ್ತಿಲ್ಲ ಅಂತಲೇ ಬರೆದೆ. ಆ 17ನ್ನು ನಮ್ಮ ಪೋಸ್ಟ್‌ಗಳಿಗೆ ಹಂಚಿ ತೋರಿಸಿದ್ದರೆ ರಿಪೋರ್ಟ್ ಚೆಂದ ಕಾಣುತ್ತಿತ್ತು, ಆದರೆ ಮುಂದಿನ ತಿಂಗಳು ಎಷ್ಟು ಬೀಸಿಸಬೇಕು ಅಂತ ಮಾಮಾ ಆ ಅಂಕೆ ನೋಡಿಯೇ ನಿರ್ಧರಿಸುತ್ತಾರೆ.

ಮೂರು ಪೋಸ್ಟ್‌ಗಳನ್ನು ಪಕ್ಕ ಪಕ್ಕ ಇಟ್ಟರೆ ವಿಷಯ ಗೊತ್ತಾಗುತ್ತದೆ. ಕಾಫಿ ರೀಲ್ A09ಕ್ಕೆ ಏಳು ದಿನದಲ್ಲಿ 11,400 ವೀಕ್ಷಣೆ. ಅದನ್ನು 1,500 ರೂಪಾಯಿ ಕೊಟ್ಟು ಬೂಸ್ಟ್ ಮಾಡಿದ್ದೆವು, ಜಿಎಸ್‌ಟಿ ಸೇರಿ 1,770. ವೀಕ್ಷಣೆಯಲ್ಲಿ ಹೆಚ್ಚಿನದು ಆ ದುಡ್ಡಿನದೇ. ಬಂದ ಆರ್ಡರ್ 3, ಒಟ್ಟು 1,140 ರೂಪಾಯಿ. ಖರ್ಚೂ ಹುಟ್ಟಲಿಲ್ಲ. ಜಾಗ ಆರಿಸುವಾಗ ಇಡೀ ಮುಂಬೈ ಅಂತ ಕೊಟ್ಟಿದ್ದೆ, ಅದು ನನ್ನ ತಪ್ಪು. ದೂರದ ಬೊರಿವಲಿಯವರು ಕಾಲು ಕಿಲೋ ಕಾಫಿಪುಡಿಗೆ ಮಾಟುಂಗಾಕ್ಕೆ ಬರುವುದಿಲ್ಲ. ಅಂಗಡಿಯ ಸುತ್ತ ಮೂರು ನಾಲ್ಕು ಕಿಲೋಮೀಟರ್ ಅಂತ ಕೊಡಬೇಕಿತ್ತು.

A12, ಭಾಜಣಿ ಅಂತ ಸೇರಿಸಿದ ಫೋಟೋ, ಬೂಸ್ಟ್ ಇಲ್ಲ, 1,900 ವೀಕ್ಷಣೆ. 14 ಆರ್ಡರ್, 6,860 ರೂಪಾಯಿ, ಅದರಲ್ಲಿ 9 ಹೊಸಬರು. ಹೊಸಬರಲ್ಲಿ ಹೆಚ್ಚಿನವರು ಮರಾಠಿಯಲ್ಲೇ ಮೆಸೇಜ್ ಮಾಡಿದ್ದರು.

A14 ಬರೀ ಅಕ್ಷರ ಇರುವ ಕ್ಯಾರೊಸೆಲ್. ಪುಣೆಗೆ ಕೊನೆಯ ದಿನ, ಮುಂಬೈಗೆ ಕೊನೆಯ ದಿನ, ಹೇಳಿಡುವುದು ಹೇಗೆ, ಅಷ್ಟೇ. 640 ವೀಕ್ಷಣೆ. ತಿಂಗಳ ಅತಿ ಕಡಿಮೆಗಳಲ್ಲಿ ಒಂದು. ಆದರೆ W14 ಸೇರಿ 19 ಆರ್ಡರ್, 11,020 ರೂಪಾಯಿ. ಅದರಲ್ಲಿ 8 ಅಕ್ಕನ ವಾಟ್ಸಾಪ್ ಸ್ಟೇಟಸ್‌ನಿಂದಲೇ ಬಂದವು.

ಹಾಗಂತ A14 ಎಲ್ಲಕ್ಕಿಂತ ಒಳ್ಳೆಯದು ಅಂತ ನಾನು ಬರೆಯಲಿಲ್ಲ. ಆ 19ರಲ್ಲಿ 13 ಹಳಬರು. ಅವರಲ್ಲಿ ಹಲವರು ಪೋಸ್ಟ್ ಇಲ್ಲದಿದ್ದರೂ ಫೋನ್ ಮಾಡಿ ತರಿಸಿಕೊಳ್ಳುತ್ತಿದ್ದರೇನೋ. ಕೋಡ್ ಹೇಳುವುದು ಕೊನೆಗೆ ಯಾವ ಬಾಗಿಲಿನಿಂದ ಬಂದರು ಅಂತ ಮಾತ್ರ, ಅಂಗಡಿಯ ನೆನಪು ಮೊದಲು ಯಾವುದರಿಂದ ಆಯಿತು ಅಂತ ಅಲ್ಲ. ಕಾಫಿ ರೀಲ್ ನೋಡಿದವರು ಮುಂದಿನ ವಾರ ಭಾಜಣಿಗೆ ಬಂದಿರಲೂಬಹುದು. ಹೊಸಬರು ಹಳಬರು ಅನ್ನುವ ಕಾಲಂ ಇಲ್ಲದಿದ್ದರೆ ಇಷ್ಟೂ ತಿಳಿಯುತ್ತಿರಲಿಲ್ಲ, ಆದ್ದರಿಂದ ಎಷ್ಟೇ ಬೇಸರ ಬಂದರೂ ಅದನ್ನು ಬಿಡಬೇಡಿ.

ಖರ್ಚು ಕೇಳುವವರಿಗೆ: ಬೂಸ್ಟ್ 1,770, ಫೋನ್ ಟ್ರೈಪಾಡ್ 650, ಪ್ರಿಂಟ್‌ಗೆ 60. ಅದನ್ನೆಲ್ಲ ಅಂಗಡಿಯವರೇ ಕೊಟ್ಟರು. ನನ್ನ ಲೋಕಲ್ ಪಾಸ್ ನನ್ನದೇ. ಟ್ರೈಪಾಡ್ ಕೊಳ್ಳುವ ಮೊದಲೇ ಕೇಳಿದ್ದೆ, ಬಿಲ್ ಇಟ್ಟುಕೊಂಡಿದ್ದೆ, ಹಾಗಾಗಿ ಮುಜುಗರ ಆಗಲಿಲ್ಲ.

ಕೊನೆಯ ದಿನ ಶೀಟ್ ಅನ್ನು ಅಕ್ಕನ ಹೆಸರಿಗೆ ವರ್ಗಾಯಿಸಿ, ಪೇಜ್‌ನಿಂದ ನನ್ನ ಅನುಮತಿಯನ್ನು ಅವರ ಕೈಯಲ್ಲೇ ತೆಗೆಸಿದೆ. ಅಷ್ಟರಲ್ಲಿ ಅಕ್ಕ ಸೆಪ್ಟೆಂಬರ್ ಅಂತ ಹೊಸ ಟ್ಯಾಬ್ ಮಾಡಿ ಮೊದಲ ಸಾಲು ತಾವೇ ಬರೆದಿದ್ದರು. 14, ಭಾನುವಾರ, ಅಷ್ಟಮಿ. ಪಕ್ಕದ ಕಾಲಂನಲ್ಲಿ, ಯಾವ ದಿನದ ಒಳಗೆ ಕೊಳ್ಳಬೇಕು: 11, ಗುರುವಾರದ ಬೀಸುವಿಕೆ. ಪೋಸ್ಟ್ ಹೋಗುವ ದಿನ: ಸೆಪ್ಟೆಂಬರ್ 2. ಮಳೆ ಬಂದರೆ? ಹೌದು.